ಅಮ್ಮನ ಹಣ, ಮಕ್ಕಳ ಹೆಸರು: ಜಂಟಿ ಖಾತೆ ಮಾಡುವುದೋ, ನಾಮಿನಿ ಬರೆಯುವುದೋ?

ಪ್ರಶ್ನೆ: ಸಾರ್, ಹೋದ ವರ್ಷ ಅಪ್ಪ ತೀರಿಕೊಂಡರು. ಅಮ್ಮನಿಗೆ 74. ತೀರ್ಥಹಳ್ಳಿಯಲ್ಲಿ ತಮ್ಮನ ಜೊತೆ ಇದ್ದಾರೆ. ಅವರ ಹೆಸರಲ್ಲಿ 18 ಲಕ್ಷ ಎಫ್‌ಡಿ ಇದೆ, ಕುಟುಂಬ ಪಿಂಚಣಿ ಬರುವ ಉಳಿತಾಯ ಖಾತೆ ಇದೆ. ಈಚೆಗೆ ಎಟಿಎಂ ಪಿನ್ ಮರೆಯುತ್ತಾರೆ, ಬ್ಯಾಂಕಿಗೆ ಹೋಗಿಬರುವುದೂ ಕಷ್ಟ. ಎಲ್ಲ ಹಣವನ್ನೂ ಬೆಂಗಳೂರಿನ ನನ್ನ ಖಾತೆಗೆ ತಂದು, ಅದಕ್ಕೆ ಅಮ್ಮನನ್ನು ಜಂಟಿಯಾಗಿ ಸೇರಿಸೋಣ ಅಂದುಕೊಂಡಿದ್ದೇನೆ. ಅಥವಾ ನಾಮಿನಿ ಮಾಡಿದರೆ ಸಾಕಾ? ದಾವಣಗೆರೆಯಲ್ಲಿ ಅಕ್ಕ ಇದ್ದಾಳೆ. ಮುಂದೆ ನಮ್ಮ ಮೂವರ ನಡುವೆ ಜಗಳ ಆಗಬಾರದು.

ಉತ್ತರ: ಹಣವನ್ನು ನಿಮ್ಮ ಖಾತೆಗೆ ತರಬೇಡಿ. ಅಮ್ಮನ ಹಣ ಅಮ್ಮನ ಹೆಸರಲ್ಲೇ ಇರಲಿ. ನಿಮ್ಮ ಹೆಸರು ಅಲ್ಲಿಗೆ ಹೋಗಲಿ, ಅದೂ ಬೇಕಾದಷ್ಟು ಮಾತ್ರ.

ಮೂವತ್ತು ವರ್ಷಕ್ಕಿಂತ ಜಾಸ್ತಿ ಬ್ಯಾಂಕಿನ ಕೌಂಟರಿನ ಆ ಕಡೆ ಕೂತಿದ್ದೇನೆ. ಇಂಥ ವಿಷಯದಲ್ಲಿ ಜನ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಅಂದುಕೊಳ್ಳುತ್ತಾರೆ. ಅಮ್ಮ ಇರುವಾಗ ಖಾತೆ ನಡೆಸುವವರು ಯಾರು ಅನ್ನುವುದು ಮೊದಲನೆಯದು. ಅವರ ಕಾಲಾನಂತರ ಬ್ಯಾಂಕು ದುಡ್ಡನ್ನು ಯಾರ ಕೈಗೆ ಕೊಡುತ್ತದೆ ಅನ್ನುವುದು ಎರಡನೆಯದು. ಆ ದುಡ್ಡು ನಿಜವಾಗಿ ಯಾರಿಗೆ ಸೇರುತ್ತದೆ ಅನ್ನುವುದು ಮೂರನೆಯದು. ಜಂಟಿ ಹೆಸರು ಮೊದಲ ಎರಡಕ್ಕೆ ಉತ್ತರ. ನಾಮಿನೇಷನ್ ಎರಡನೆಯದಕ್ಕೆ ಮಾತ್ರ. ಮೂರನೆಯದನ್ನು ಹೇಳುವುದು ಉಯಿಲು, ಅದಿಲ್ಲದಿದ್ದರೆ ವಾರಸು ಕಾನೂನು. ಜಗಳ ಹುಟ್ಟುವುದು ಎರಡನೆಯದರ ಉತ್ತರವನ್ನು ಮೂರನೆಯದಕ್ಕೂ ಹಚ್ಚಿದಾಗ.

ನಿಮ್ಮ ಯೋಜನೆಯನ್ನೇ ತೆಗೆದುಕೊಳ್ಳಿ. ಅಮ್ಮನ 18 ಲಕ್ಷ ನಿಮ್ಮ ಖಾತೆಗೆ ಬಂತು, ಎಫ್‌ಡಿಯಲ್ಲಿ ನೀವು ಮೊದಲ ಹೆಸರು, ಅಮ್ಮ ಎರಡನೆಯವರು. ಬಡ್ಡಿಯ ಲೆಕ್ಕ ಮೊದಲ ಹೆಸರಿನವರ ಪ್ಯಾನ್‌ಗೆ ಹೋಗುತ್ತದೆ. ಟಿಡಿಎಸ್ ನಿಮ್ಮ ಹೆಸರಲ್ಲಿ ಕಡಿತವಾಗುತ್ತದೆ. ಹಿರಿಯ ನಾಗರಿಕರಿಗೆ ಸಿಗುವ ಹೆಚ್ಚುವರಿ ಬಡ್ಡಿಯೂ ಹೋಯಿತು, ಯಾಕೆಂದರೆ ಬ್ಯಾಂಕು ನೋಡುವುದು ಮೊದಲ ಹೆಸರಿನವರ ವಯಸ್ಸನ್ನು. ಇದೆಲ್ಲ ಸಣ್ಣ ನಷ್ಟ. ದೊಡ್ಡದು ಬೇರೆ ಇದೆ. ನಿಮ್ಮ ಸಾಲ ಬಾಕಿಯಾದರೆ ಬ್ಯಾಂಕೋ ಕೋರ್ಟೋ ಆ ಹಣದ ಮೇಲೆ ಕಣ್ಣು ಹಾಕಬಹುದು. ಅದು ಅಮ್ಮನದು ಎಂದು ಸಾಬೀತು ಮಾಡುವ ಕೆಲಸ ನಿಮ್ಮದಾಗುತ್ತದೆ.

ಇನ್ನೊಂದು ಮಾತು, ಹೇಳಲು ಮುಜುಗರ. ಅಮ್ಮನಿಗಿಂತ ಮೊದಲು ನಿಮಗೇ ಏನಾದರೂ ಆದರೆ? ಇಬ್ಬರಲ್ಲಿ ಯಾರಾದರೂ ನಡೆಸಬಹುದು, ಒಬ್ಬರು ಹೋದರೆ ಉಳಿದವರಿಗೆ ಎನ್ನುವ ಈದರ್ ಆರ್ ಸರ್ವೈವರ್ ಅಂತಿದ್ದರೆ ಖಾತೆಯಲ್ಲಿರುವ ಅಷ್ಟೂ ಹಣ, ನಿಮ್ಮ ಸಂಬಳದ ಉಳಿತಾಯವೂ ಸೇರಿ, ಬದುಕಿರುವ ಅಮ್ಮನ ಕೈಗೆ ಹೋಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಿಮ್ಮ ಪಾಲಿಗೆ ತಾಯಿ, ಹೆಂಡತಿ, ಮಕ್ಕಳು ಎಲ್ಲರೂ ಸಮಾನ ವಾರಸುದಾರರು. ಅದರಲ್ಲಿ ಅಮ್ಮನ 18 ಲಕ್ಷ ಎಷ್ಟು, ನಿಮ್ಮದೆಷ್ಟು ಎಂದು ಬಿಡಿಸುವವರು ಯಾರು? ಒಂದು ಕಡೆ ನಿಮ್ಮ ಹೆಂಡತಿ, ಇನ್ನೊಂದು ಕಡೆ ನಿಮ್ಮ ಅಕ್ಕ, ತಮ್ಮ. ಇಬ್ಬರದ್ದೂ ನ್ಯಾಯವಾದ ಮಾತೇ. ನೀವು ತಪ್ಪಿಸಬೇಕೆಂದಿದ್ದ ಜಗಳ ಇದೇ ಅಲ್ವಾ?

ನಾಮಿನಿ ಸಾಕಾ ಎಂದರೆ, ಖಾತೆ ನಡೆಸುವುದಕ್ಕೆ ಸಾಲದು. ಖಾತೆದಾರರು ಬದುಕಿರುವವರೆಗೆ ನಾಮಿನಿಗೆ ಒಂದು ರೂಪಾಯಿ ತೆಗೆಯುವ ಅಧಿಕಾರವೂ ಇಲ್ಲ. ಕಾಲಾನಂತರವೂ ಬ್ಯಾಂಕಿನಿಂದ ಹಣ ಪಡೆಯುವ ಹಕ್ಕು ಮಾತ್ರ. ನಾಮಿನಿ ಮಾಲೀಕನಲ್ಲ, ವಾರಸುದಾರರ ಪರವಾಗಿ ಹಣ ಇಸಿದುಕೊಳ್ಳುವವನು. ಸುಪ್ರೀಂ ಕೋರ್ಟ್ 1983ರಲ್ಲಿ ವಿಮೆಯ ಪ್ರಕರಣದಲ್ಲಿ ಇದನ್ನು ಹೇಳಿತು. 2010ರಲ್ಲಿ ಬ್ಯಾಂಕ್ ಠೇವಣಿಯ ವಿಷಯದಲ್ಲೂ, 2023ರಲ್ಲಿ ಷೇರುಗಳ ವಿಷಯದಲ್ಲೂ ಅದನ್ನೇ ಹೇಳಿತು. ಜಂಟಿ ಖಾತೆಯಲ್ಲಿ ಬದುಕುಳಿದವರ ಕತೆಯೂ ಬೇರೆಯಲ್ಲ. ಹಣ ಕೊಟ್ಟರೆ ಬ್ಯಾಂಕಿನ ಹೊಣೆ ಮುಗಿಯಿತು, ಉಳಿದ ವಾರಸುದಾರರ ಹಕ್ಕು ಮುಗಿಯಲಿಲ್ಲ. ನಿಮ್ಮ ತಾಯಿ ಉಯಿಲು ಬರೆಯದಿದ್ದರೆ ಅವರ ಹಣ ನೀವು, ಅಕ್ಕ, ತಮ್ಮ ಮೂವರಿಗೂ ಸಮವಾಗಿ ಸೇರುತ್ತದೆ. ಅಕ್ಕನಿಗೆ ಮದುವೆಯಾಗಿದೆ ಎಂಬುದರಿಂದ ಏನೂ ಬದಲಾಗುವುದಿಲ್ಲ.

ಇಲ್ಲಿ ಒಂದು ಘಟನೆ ನೆನಪಾಗುತ್ತದೆ. ನಾನಿದ್ದ ಒಂದು ಶಾಖೆಯಲ್ಲಿ ತಂದೆ ಮತ್ತು ದೊಡ್ಡ ಮಗನ ಹೆಸರಲ್ಲಿ ಜಂಟಿ ಎಫ್‌ಡಿ ಇತ್ತು. 'ಹೆಣ್ಣುಮಕ್ಕಳಿಗೆ ಅನ್ಯಾಯ ಆಗಬಾರದು' ಎಂದು ತಂದೆ ಮಗಳನ್ನು ನಾಮಿನಿ ಮಾಡಿದ್ದರು. ತಂದೆ ಹೋದರು. ಅವಧಿ ಮುಗಿದಾಗ ಮಗ ಬಂದು ಹಣ ತೆಗೆದುಕೊಂಡ. ಎರಡು ವಾರ ಬಿಟ್ಟು ಮಗಳು ನಾಮಿನೇಷನ್ ರಸೀದಿ ಹಿಡಿದು ಬಂದಳು. ನಾನು ಏನು ಹೇಳಲಿ? ಜಂಟಿ ಖಾತೆಯಲ್ಲಿ ಎಲ್ಲ ಖಾತೆದಾರರೂ ತೀರಿಕೊಂಡ ಮೇಲಷ್ಟೇ ನಾಮಿನಿಯ ಸರದಿ. ಅಣ್ಣ ಬದುಕಿರುವವರೆಗೆ ಅವಳ ರಸೀದಿಗೆ ಬ್ಯಾಂಕಿನಲ್ಲಿ ಬೆಲೆ ಇಲ್ಲ. ಅದೂ ಅಲ್ಲದೆ ಉಳಿದವನು ನಾಮಿನಿಯನ್ನು ಬದಲಿಸಲೂಬಹುದು. ವಾರಸುದಾರಳಾಗಿ ಅವಳಿಗೆ ಪಾಲು ಇತ್ತು, ಆದರೆ ಅದನ್ನು ಕೇಳಬೇಕಾದ್ದು ಅಣ್ಣನ ಹತ್ತಿರ ಅಥವಾ ಕೋರ್ಟಿನಲ್ಲಿ. ತಂದೆಯ ಮನಸ್ಸಿನಲ್ಲಿ ಮೋಸ ಇರಲಿಲ್ಲ. ಒಬ್ಬರ ಹೆಸರು ಜಂಟಿಗೆ, ಇನ್ನೊಬ್ಬರ ಹೆಸರು ನಾಮಿನಿಗೆ ಹಾಕಿದರೆ ಇಬ್ಬರಿಗೂ ಸರಿಯಾಯಿತು ಅಂದುಕೊಂಡಿದ್ದರು, ಅಷ್ಟೇ.

ಈಗ ನಿಮ್ಮ ಮನೆಗೆ ಏನು ಮಾಡಬಹುದು ನೋಡೋಣ. ಅಮ್ಮನ ಹಣವನ್ನು ಒಂದೇ ಗಂಟಾಗಿ ನೋಡಬೇಡಿ. ಯಾವ ಹಣಕ್ಕೆ ಏನು ಕೆಲಸ ಎಂದು ಬಿಡಿಸಿದರೆ ಯಾವ ಹೆಸರು ಎಲ್ಲಿರಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಪಿಂಚಣಿ ಖಾತೆಯನ್ನು ಮುಟ್ಟಬೇಡಿ. ಅದು ಅಮ್ಮನೊಬ್ಬರ ಹೆಸರಲ್ಲೇ ಇರಲಿ. ಅದಕ್ಕೆ ಮಕ್ಕಳ ಹೆಸರು ಸೇರಿಸಲು ಹೋದರೆ ಪಿಂಚಣಿ ಕೊಡುವ ಇಲಾಖೆಯ ನಿಯಮ ಅಡ್ಡ ಬರುವ ಸಾಧ್ಯತೆಯೇ ಜಾಸ್ತಿ. ಇನ್ನೊಂದು ಕಾರಣವೂ ಇದೆ. ಪಿಂಚಣಿದಾರರು ತೀರಿಕೊಂಡ ಮೇಲೂ ಸುದ್ದಿ ತಲುಪುವವರೆಗೆ ಪಿಂಚಣಿ ಬರುತ್ತಲೇ ಇರುತ್ತದೆ. ಅದನ್ನು ಸರ್ಕಾರಕ್ಕೆ ವಾಪಸ್ ಮಾಡಬೇಕು. ಮನೆಯವರು ಕಾರ್ಯದ ಖರ್ಚಿಗೆಂದು ಎಟಿಎಂನಲ್ಲಿ ಅದನ್ನೂ ತೆಗೆದುಬಿಡುತ್ತಾರೆ. ಆಮೇಲೆ ವಸೂಲಿ ಪತ್ರ ಬರುತ್ತದೆ.

ದಿನದ ಖರ್ಚಿಗೆ ಬೇರೆ ಒಂದು ಸಣ್ಣ ಉಳಿತಾಯ ಖಾತೆ ತೆರೆಯಿರಿ. ಅಮ್ಮ ಮೊದಲ ಹೆಸರು, ತಮ್ಮ ಎರಡನೆಯವರು, ಈದರ್ ಆರ್ ಸರ್ವೈವರ್. ತಮ್ಮನ ಹೆಸರು ಯಾಕೆಂದರೆ ಔಷಧಿ ತರುವವರು, ಕರೆಂಟ್ ಬಿಲ್ ಕಟ್ಟುವವರು ಅವರು. ಬೆಂಗಳೂರಿನಲ್ಲಿ ಕೂತ ನೀವಲ್ಲ. ಪಿಂಚಣಿ ಖಾತೆಯಿಂದ ತಿಂಗಳಿಗೊಮ್ಮೆ, 20,000 ಸಾಕಾದರೆ ಅಷ್ಟು, ತಾನಾಗಿ ಇಲ್ಲಿಗೆ ಬರುವಂತೆ ಬ್ಯಾಂಕಿಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಿ. ಜಂಟಿ ಖಾತೆಯಾದ್ದರಿಂದ ತಮ್ಮನಿಗೆ ಅವರದೇ ಕಾರ್ಡು, ಅವರದೇ ಪಿನ್ ಸಿಗುತ್ತದೆ. ಅಮ್ಮನ ಪಿನ್ ಚೀಟಿಯಲ್ಲಿ ಬರೆದು ಕಾರ್ಡಿನ ಕವರಿಗೆ ತುರುಕುವ ಅಭ್ಯಾಸ ನಿಲ್ಲುತ್ತದೆ. ಇದು ಸುಮ್ನೆ ಹೇಳುವ ಮಾತಲ್ಲ. ಪಿನ್, ಒಟಿಪಿ ಬೇರೆಯವರಿಗೆ ಕೊಟ್ಟು ಹಣ ಹೋದರೆ ಅದು ಗ್ರಾಹಕರ ಅಜಾಗರೂಕತೆ. ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟ ಪೂರ್ತಿ ಗ್ರಾಹಕರದೇ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ. ಯಾರೋ ಫೋನ್ ಮಾಡಿ ಮೋಸ ಮಾಡಿದರೂ ಈ ಖಾತೆಯಲ್ಲಿ ಹೋಗುವುದು ಹೆಚ್ಚೆಂದರೆ ಒಂದೆರಡು ತಿಂಗಳ ಖರ್ಚಿನ ಹಣ. ಎಫ್‌ಡಿಗಳಿರುವ ಖಾತೆಗೆ ಕಾರ್ಡು ಬೇಡವೇ ಬೇಡ.

ಎಫ್‌ಡಿಯಲ್ಲಿ 4 ಲಕ್ಷವನ್ನು ಆಸ್ಪತ್ರೆಗೆಂದು ತೆಗೆದಿಡಿ. ಉತ್ತರದ ಮುಖ್ಯ ಭಾಗ ಇದೇ, ಸ್ವಲ್ಪ ನಿಧಾನವಾಗಿ ಓದಿ.

ಜಂಟಿ ಎಫ್‌ಡಿ ಇದೆ, ಈದರ್ ಆರ್ ಸರ್ವೈವರ್ ಇದೆ, ಹಾಗಾಗಿ ಬೇಕಾದಾಗ ನಾನೊಬ್ಬನೇ ಹೋಗಿ ಮುರಿಸಬಹುದು ಎಂದು ಎಲ್ಲರೂ ನಂಬಿರುತ್ತಾರೆ. ಹಾಗಿಲ್ಲ. ಆ ಮಾತು ಅವಧಿ ಮುಗಿದ ಮೇಲಿನ ಹಣಕ್ಕೆ. ಅವಧಿಗೆ ಮುಂಚೆ ಮುರಿಸಬೇಕಾದರೆ ಎಲ್ಲರ ಸಹಿ ಬೇಕು, ಮೊದಲೇ ಎಲ್ಲರೂ ಸೇರಿ ಬೇರೆ ಸೂಚನೆ ಬರೆದುಕೊಟ್ಟಿರದಿದ್ದರೆ. ಒಬ್ಬರು ತೀರಿಕೊಂಡಾಗಲೂ ಇದೇ ತೊಡಕು. ಸೂಚನೆ ಇಲ್ಲದಿದ್ದರೆ ಉಳಿದವರು ಅವಧಿಗೆ ಮುಂಚೆ ಮುರಿಸಲು ತೀರಿಕೊಂಡವರ ವಾರಸುದಾರರ ಒಪ್ಪಿಗೆಯನ್ನೂ ತರಬೇಕಾಗುತ್ತದೆ.

ಒಮ್ಮೆ ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬ ಹುಡುಗ ಓಡಿ ಬಂದ. ತಾಯಿ ಐಸಿಯುನಲ್ಲಿ, ಸಂಜೆಯೊಳಗೆ ಎರಡು ಲಕ್ಷ ಕಟ್ಟಬೇಕು. ಎಫ್‌ಡಿಯಲ್ಲಿ ಇಬ್ಬರ ಹೆಸರೂ ಇದೆ. ಫಾರಂ ತೆಗೆದು ನೋಡಿದರೆ ಅವಧಿಪೂರ್ವ ಹಿಂತೆಗೆತದ ಸಾಲಿನ ಮುಂದಿನ ಚೌಕ ಖಾಲಿ. ಎಫ್‌ಡಿ ಮಾಡಿಸಿದ ದಿನ ಯಾರೂ ಅದರತ್ತ ನೋಡಿರಲಿಲ್ಲ, ನಮ್ಮ ಗುಮಾಸ್ತರೂ ಕೇಳಿರಲಿಲ್ಲ. ಕೊನೆಗೆ ನಮ್ಮ ಅಧಿಕಾರಿಯೊಬ್ಬರು ಆಸ್ಪತ್ರೆಗೆ ಹೋಗಿ, ಇನ್ನೊಬ್ಬ ಸಾಕ್ಷಿಯನ್ನು ನಿಲ್ಲಿಸಿಕೊಂಡು ಆ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರು. ಇದಕ್ಕೆ ನಿಯಮವಿದೆ. ಸಹಿ ಮಾಡಲಾಗದ ರೋಗಿಯ ಹೆಬ್ಬೆಟ್ಟು, ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತನ್ನು ಇಬ್ಬರು ಸಾಕ್ಷಿಗಳ ಮುಂದೆ ತೆಗೆದುಕೊಳ್ಳಬಹುದು. ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಹಣ ಮಾರನೆಯ ದಿನ ಹೋಯಿತು. ಚೌಕದಲ್ಲಿ ಒಂದು ಗುರುತು ಇದ್ದಿದ್ದರೆ ಹತ್ತು ನಿಮಿಷದ ಕೆಲಸ.

ಆದ್ದರಿಂದ ಈ 4 ಲಕ್ಷದ ಎಫ್‌ಡಿಯಲ್ಲಿ ಅಮ್ಮ ಮೊದಲು, ಆಮೇಲೆ ತಮ್ಮ, ಆಮೇಲೆ ನೀವು, ಹೀಗೆ ಮೂರು ಹೆಸರು ಇರಲಿ. ಮೂವರಾದಾಗ ಅದನ್ನು ಎನಿವನ್ ಆರ್ ಸರ್ವೈವರ್ ಅನ್ನುತ್ತಾರೆ. ಅವಧಿಗೆ ಮುಂಚೆ ಮುರಿಸಲು ಮೂವರಲ್ಲಿ ಯಾರೊಬ್ಬರ ಸಹಿಯಾದರೂ ಸಾಕು, ಒಬ್ಬರು ತೀರಿಕೊಂಡ ಮೇಲೂ ಉಳಿದವರು ಮುರಿಸಬಹುದು, ಹೀಗೆ ಎರಡೂ ಮಾತನ್ನು ಸ್ಪಷ್ಟವಾಗಿ ಬರೆದು ಮೂವರೂ ಸಹಿ ಮಾಡಿ. ಈಗಿರುವ ಎಫ್‌ಡಿ ಮುರಿಸಿ ಬಡ್ಡಿ ಕಳೆದುಕೊಳ್ಳಬೇಕಾಗಿಲ್ಲ. ಮೊತ್ತ, ಅವಧಿ ಬದಲಾಗದಿದ್ದರೆ ನಡುವೆಯೇ ಹೆಸರು ಸೇರಿಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. 'ಹೊಸದಾಗಿ ಮಾಡಿಸಿ' ಎಂದು ಕೌಂಟರಿನಲ್ಲಿ ಹೇಳಿದರೆ ಮ್ಯಾನೇಜರನ್ನು ಕೇಳಿ. ಆದರೆ 18 ಲಕ್ಷವೂ ಒಂದೇ ಎಫ್‌ಡಿಯಲ್ಲಿದ್ದರೆ ಅದನ್ನು ಒಡೆಯುವುದಕ್ಕೆ ಅವಧಿ ಮುಗಿಯುವವರೆಗೆ ಕಾಯುವುದು ಲಾಭ.

ಉಳಿದ 14 ಲಕ್ಷ ಅಮ್ಮನೊಬ್ಬರ ಹೆಸರಲ್ಲೇ ಇರಲಿ. ಅದನ್ನು ಯಾರೂ ನಡೆಸಬೇಕಾಗಿಲ್ಲ, ಬಡ್ಡಿ ತಾನಾಗಿ ಬರುತ್ತದೆ. ಇಲ್ಲಿಗೆ ಬೇಕಾದ್ದು ನಾಮಿನೇಷನ್, ಜಂಟಿ ಹೆಸರಲ್ಲ. 2025ರ ನವೆಂಬರ್ 1ರಿಂದ ಕಾನೂನು ಬದಲಾಗಿದೆ. ಮೊದಲು ಒಂದು ಠೇವಣಿಗೆ ಒಬ್ಬರೇ ನಾಮಿನಿ. ಈಗ ನಾಲ್ವರವರೆಗೆ ಬರೆಯಬಹುದು, ಒಬ್ಬೊಬ್ಬರಿಗೆ ಶೇಕಡಾ ಎಷ್ಟು ಎಂದೂ ಹೇಳಬಹುದು. ಒಟ್ಟು ನೂರಾಗಬೇಕು. ಒಬ್ಬರಾದ ಮೇಲೆ ಒಬ್ಬರು ಎಂಬ ಇನ್ನೊಂದು ಬಗೆಯೂ ಇದೆ. ಅದರಲ್ಲಿ ಮೊದಲನೆಯವರು ಬದುಕಿದ್ದರೆ ಎಲ್ಲ ಅವರ ಕೈಗೇ ಹೋಗುತ್ತದೆ. ನಿಮ್ಮ ಮನೆಗೆ ಅದು ಬೇಡ. ಮೂವರನ್ನೂ ಏಕಕಾಲಕ್ಕೆ, ಸಮಪಾಲಾಗಿ ಬರೆಸಿ. ಆಗ ಬ್ಯಾಂಕು ಕೊಡುವ ಪಾಲೂ ಕಾನೂನು ಕೊಡುವ ಪಾಲೂ ಒಂದೇ. ಒಬ್ಬರ ಕೈಯಿಂದ ಇನ್ನೊಬ್ಬರು ಕೇಳಿ ಪಡೆಯಬೇಕಾದ ಪ್ರಸಂಗವೇ ಇಲ್ಲ.

ನೂರನ್ನು ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಬ್ಯಾಂಕು ದಶಾಂಶ ತೆಗೆದುಕೊಳ್ಳದಿದ್ದರೆ 14 ಲಕ್ಷವನ್ನು ಸಮ ಮೊತ್ತದ ಮೂರು ಎಫ್‌ಡಿ ಮಾಡಿ. ಒಂದರಲ್ಲಿ ಅಕ್ಕನಿಗೆ 34, ಇನ್ನೊಂದರಲ್ಲಿ ನಿಮಗೆ, ಮತ್ತೊಂದರಲ್ಲಿ ತಮ್ಮನಿಗೆ ಬರೆಸಿ, ಉಳಿದವರಿಗೆ 33. ನಗು ಬರುತ್ತದೆ, ಗೊತ್ತು. ಒಂದು ಪರ್ಸೆಂಟಿಗೆ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನಾನು ನೋಡಿದ್ದೇನೆ.

ಆದರೆ ಎಲ್ಲಕ್ಕಿಂತ ಮೊದಲು ಪಾಸ್‌ಬುಕ್, ಎಫ್‌ಡಿ ರಸೀದಿ ತೆಗೆದು ನೋಡಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅಪ್ಪ ಹೋದ ವರ್ಷ ತೀರಿಕೊಂಡರು ಎಂಬ ಸಾಲು. ಅಮ್ಮನ ಎಲ್ಲ ಠೇವಣಿಗೂ ನಾಮಿನಿ ಅಪ್ಪನೇ ಆಗಿರುವ ಸಂಭವ ಜಾಸ್ತಿ. ಹಾಗಿದ್ದರೆ ಕಾಗದದಲ್ಲಿ 'ನಾಮಿನೇಷನ್ ನೋಂದಾಯಿಸಲಾಗಿದೆ' ಎಂದಿರುತ್ತದೆ, ನಿಜವಾಗಿ ನಾಮಿನಿ ಯಾರೂ ಇಲ್ಲ. ನಾಮಿನಿಯಾಗಲೀ ಬದುಕುಳಿದ ಜಂಟಿ ಖಾತೆದಾರರಾಗಲೀ ಇದ್ದರೆ ಮರಣ ಪ್ರಮಾಣಪತ್ರ, ಗುರುತಿನ ಚೀಟಿ, ಅರ್ಜಿ ಕೊಟ್ಟ 15 ದಿನದೊಳಗೆ ಬ್ಯಾಂಕು ಹಣ ಕೊಡಬೇಕು. ಇಲ್ಲದಿದ್ದರೆ ನಾಡಕಚೇರಿಯಿಂದ ವಂಶವೃಕ್ಷ, ಎಲ್ಲ ವಾರಸುದಾರರ ಸಹಿ, ಮುಚ್ಚಳಿಕೆ. ಮೊತ್ತ ಮಿತಿ ದಾಟಿದರೆ ಅಥವಾ ಮನೆಯಲ್ಲಿ ತಕರಾರಿದ್ದರೆ ಸಿವಿಲ್ ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರವೂ ಬೇಕಾಗಬಹುದು. ನಾಮಿನೇಷನ್ ಒಂದೊಂದು ಎಫ್‌ಡಿಗೂ ಬೇರೆ ಬೇರೆ. ಒಂದಕ್ಕೆ ಕೊಟ್ಟರೆ ಉಳಿದವಕ್ಕೆ ಬರುವುದಿಲ್ಲ. ಅಮ್ಮ ಸಹಿ ಮಾಡಿದರೆ ಸಾಕ್ಷಿ ಬೇಡ, ಹೆಬ್ಬೆಟ್ಟಾದರೆ ಇಬ್ಬರು ಸಾಕ್ಷಿ ಬೇಕು.

ಅಧಿಕಾರ ಪತ್ರ ಮಾಡಿಸಿಬಿಡೋಣ ಎಂದು ಯಾರಾದರೂ ಹೇಳಬಹುದು. ಪವರ್ ಆಫ್ ಅಟಾರ್ನಿ ಕೊಟ್ಟವರು ತೀರಿಕೊಂಡ ಕೂಡಲೇ ಅದು ಮುಗಿಯಿತು. ಅವರ ಬುದ್ಧಿ ಸ್ಥಿಮಿತ ತಪ್ಪಿದರೂ ಕಾನೂನಿನಲ್ಲಿ ಅದು ನಿಲ್ಲುವುದಿಲ್ಲ. ಬೇಕಾದ ಹೊತ್ತಿಗೇ ಕೈಕೊಡುವ ಕಾಗದ ಅದು. ಮರೆವಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪಿನ್ ಮರೆಯುವುದು ದೊಡ್ಡ ಮಾತಲ್ಲ, ನಾನೂ ಮರೆಯುತ್ತೇನೆ. ಆದರೆ ಇದು ಯಾವ ಹಣ, ಯಾರಿಗೆ ಬರೆಯುತ್ತಿದ್ದೇನೆ ಎಂದು ಅಮ್ಮನಿಗೆ ತಿಳಿಯುತ್ತಿರುವಾಗಲೇ ಇದೆಲ್ಲ ಆಗಬೇಕು. ಅವರಿಗೆ ತಿಳಿಯದ ಹಂತಕ್ಕೆ ಬಂದ ಮೇಲೆ ಹಾಕಿಸಿದ ಸಹಿ ನಿಲ್ಲುವುದಿಲ್ಲ. ಒಬ್ಬರದೇ ಹೆಸರಿನ ಖಾತೆ ನಡೆಸಲು ಆಗ ಕೋರ್ಟಿನಿಂದ ಪಾಲಕರ ನೇಮಕವಾಗಬೇಕು. ನೀವು ಬ್ಯಾಂಕಿಗೆ ಹೋದಾಗ ಮ್ಯಾನೇಜರು ಅಮ್ಮನನ್ನೇ ಪ್ರಶ್ನೆ ಕೇಳಿದರೆ ನಡುವೆ ಬಾಯಿ ಹಾಕಬೇಡಿ. ಅವರು ಉತ್ತರ ಕೊಡುವುದನ್ನು ಮ್ಯಾನೇಜರು ಕಣ್ಣಾರೆ ನೋಡಿದರೆ ನಾಳೆ ನಿಮಗೇ ರಕ್ಷಣೆ.

ಇನ್ನು ಅಕ್ಕನ ವಿಷಯ. ಮೇಲಿನ ವ್ಯವಸ್ಥೆಯಲ್ಲಿ ಖರ್ಚಿನ ಖಾತೆಯಲ್ಲೂ ಆಸ್ಪತ್ರೆಯ ಎಫ್‌ಡಿಯಲ್ಲೂ ಅವರ ಹೆಸರಿಲ್ಲ. ಅನುಮಾನ ಹುಟ್ಟುವುದು ಅಲ್ಲೇ. ಅದಕ್ಕೆ ಅಮ್ಮನಿಂದ ಒಂದು ಪುಟದ ಪತ್ರ ಬರೆಸಿ. 'ಈ ಎರಡು ಖಾತೆಗಳ ಹಣ ನನ್ನದು. ಮಕ್ಕಳ ಹೆಸರನ್ನು ನನ್ನ ಅನುಕೂಲಕ್ಕೆ ಸೇರಿಸಿದ್ದೇನೆ, ದಾನವಾಗಿ ಕೊಟ್ಟಿಲ್ಲ. ನನ್ನ ನಂತರ ಉಳಿದದ್ದು ಮೂವರಿಗೂ ಸಮ.' ಇಷ್ಟು ಸಾಕು, ತಾರೀಖು ಇರಲಿ. ಜಂಟಿ ಹೆಸರು ಹಾಕಿದ್ದು ಕೊಡುಗೆಯೋ ಅನುಕೂಲಕ್ಕೋ ಎಂಬ ಪ್ರಶ್ನೆ ಬಂದಾಗ ನೋಡುವುದು ಹಣ ಹಾಕಿದವರ ಉದ್ದೇಶವನ್ನು. ಈ ಪತ್ರ ಅದನ್ನು ಹೇಳುತ್ತದೆ. ಇದನ್ನೇ ಉಯಿಲಾಗಿ ಬರೆದರೆ ಇನ್ನೂ ಗಟ್ಟಿ. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಬಿಳಿ ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಅಮ್ಮ ಸಹಿ ಮಾಡಿ, ಸಾಕ್ಷಿಗಳೂ ಸಹಿ ಮಾಡಬೇಕು. ಸಾಕ್ಷಿಗಳು ನೀವು ಮೂವರಲ್ಲದೆ ಹೊರಗಿನವರಾಗಿರಲಿ. ಅಮ್ಮನಿಗಿಂತ ವಯಸ್ಸಿನಲ್ಲಿ ಚಿಕ್ಕವರಾದರೆ ಒಳ್ಳೆಯದು. ಸಾಕ್ಷಿಗಳೇ ಮೊದಲು ಹೋದರೆ ಪ್ರಯೋಜನವೇನು?

ಖರ್ಚಿನ ಖಾತೆಯ ಸ್ಟೇಟ್‌ಮೆಂಟನ್ನು ತಿಂಗಳಿಗೊಮ್ಮೆ ಮೂವರಿಗೂ ಕಳಿಸುವ ಕೆಲಸ ತಮ್ಮನಿಗೆ ಕೊಡಿ. ಪಾಸ್‌ಬುಕ್ಕಿನ ಫೋಟೊ ಹೊಡೆದು ವಾಟ್ಸಾಪಿಗೆ ಹಾಕಿದರೂ ಆಯಿತು. ದೊಡ್ಡ ಖರ್ಚುಗಳ ಬಿಲ್ಲು ಒಂದು ಫೈಲಿನಲ್ಲಿರಲಿ. ಇದು ಅಕ್ಕನಿಗಿಂತ ಹೆಚ್ಚಾಗಿ ತಮ್ಮನ ರಕ್ಷಣೆಗೆ. ಮೂರು ವರ್ಷ ಅಮ್ಮನನ್ನು ನೋಡಿಕೊಂಡು, ಕೊನೆಗೆ 'ದುಡ್ಡೆಲ್ಲ ಎಲ್ಲಿ ಹೋಯಿತು' ಎಂಬ ಪ್ರಶ್ನೆ ಕೇಳಿಸಿಕೊಂಡ ಮಕ್ಕಳ ಮುಖ ನನಗೆ ನೆನಪಿದೆ.

ಬ್ಯಾಂಕಿಗೆ ಹೋಗುವ ದಿನ ಅಮ್ಮ, ತಮ್ಮ, ನೀವು ಮೂವರ ಆಧಾರ್, ಪ್ಯಾನ್, ಫೋಟೊ, ಅಮ್ಮನ ಮೂಲ ಎಫ್‌ಡಿ ರಸೀದಿಗಳು, ಅಪ್ಪನ ಮರಣ ಪ್ರಮಾಣಪತ್ರ ಇಟ್ಟುಕೊಳ್ಳಿ. ಅಮ್ಮನ ಖಾತೆಗೆ ಇನ್ನೂ ಅಪ್ಪನ ಹಳೇ ಮೊಬೈಲ್ ನಂಬರೇ ಇರಬಹುದು, ಅದನ್ನೂ ಬದಲಿಸಿ. ಅಮ್ಮನಿಗೆ ಶಾಖೆಗೆ ಬರಲಾಗದಿದ್ದರೆ, 70 ದಾಟಿದವರಿಗೆ ಮನೆ ಬಾಗಿಲಿಗೆ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ ಎಂದು ಕೇಳಿ ನೋಡಿ. ಎಲ್ಲ ಮುಗಿದ ಮೇಲೆ ಎಫ್‌ಡಿಗಳ ಹೊಸ ಪ್ರಿಂಟ್ ತೆಗೆಸಿ. ಹೆಸರುಗಳು, ನಡೆಸುವ ರೀತಿ, ನಾಮಿನೇಷನ್ ಮೂರೂ ಅದರಲ್ಲಿ ಬಂದಿವೆಯೇ ಎಂದು ಕೌಂಟರಿನ ಮುಂದೆಯೇ ನಿಂತು ಓದಿ. ಅವಧಿಗೆ ಮುಂಚೆ ಮುರಿಸುವ ಸೂಚನೆ ಪ್ರಿಂಟಿನಲ್ಲಿ ಬರುವುದಿಲ್ಲ. ಆ ಪತ್ರದ ನಕಲಿನ ಮೇಲೆ ಶಾಖೆಯ ಸೀಲು, ತಾರೀಖು ಹಾಕಿಸಿಕೊಂಡು ತಮ್ಮನ ಹತ್ತಿರ ಒಂದು ಪ್ರತಿ ಬಿಟ್ಟು ಬನ್ನಿ.